ನ್ಯಾಂಡ್ ಒಂದೇ ಸಾಕಾಗುವಾಗ ಆಂಡ್, ಆರ್ ಎರಡಿದ್ದರೂ ಯಾಕೆ ಸಾಲದು?

ಪ್ರಶ್ನೆ: ಸರ್, ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ನ್ಯಾಂಡ್, ನಾರ್ ಯೂನಿವರ್ಸಲ್ ಗೇಟ್ ಅಂತ ಓದಿದ್ದೇವೆ. ಅವುಗಳಿಂದ ನಾಟ್, ಆಂಡ್, ಆರ್ ಕಟ್ಟೋದು ಬಾಯಿಪಾಠ ಆಗಿದೆ. ಆದರೆ ಈ ಎರಡೇ ಯಾಕೆ? ಎಕ್ಸಾರ್ ಇವುಗಳಿಗಿಂತ ಬುದ್ಧಿವಂತ ಗೇಟ್ ಅನ್ನಿಸುತ್ತೆ, ಅದರಿಂದ ಯಾಕಾಗಲ್ಲ? ಆಂಡ್, ಆರ್ ಎರಡೂ ಇದ್ದರೂ ಸಾಲದು ಅಂತಾರಲ್ಲ, ಅದು ಹೇಗೆ? ನಿಜವಾಗಿ ಯಾರಾದರೂ ಒಂದೇ ಥರದ ಗೇಟಿನಿಂದ ಕಂಪ್ಯೂಟರ್ ಮಾಡಿದ್ದಾರಾ?

ಉತ್ತರ: ಬಾಯಿಪಾಠ ಆಗಿದ್ದರೆ ಒಳ್ಳೆಯದೇ, ಅರ್ಧ ಕೆಲಸ ಮುಗಿದಿದೆ. ಉಳಿದ ಅರ್ಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಒಂದು ಗೇಟಿನಿಂದ ಏನೇನು ಕಟ್ಟಬಹುದು ಅಂತ ತೋರಿಸುವುದು ಸುಲಭ, ಚಿತ್ರ ಬರೆದರೆ ಆಯಿತು. ಇನ್ನೊಂದು ಗೇಟಿನಿಂದ ಎಷ್ಟೇ ತಿಣುಕಿದರೂ ಆಗುವುದಿಲ್ಲ ಅಂತ ತೋರಿಸಬೇಕಾದರೆ ಬೇರೆ ದಾರಿ ಹಿಡಿಯಬೇಕು. ನಿಮ್ಮ ಪ್ರಶ್ನೆ ಇರುವುದು ಅಲ್ಲೇ.

ಮೊದಲು ಯೂನಿವರ್ಸಲ್ ಗೇಟಿನಿಂದ "ಯಾವ ಸರ್ಕ್ಯೂಟ್ ಬೇಕಾದರೂ" ಕಟ್ಟಬಹುದು ಅನ್ನುವ ಮಾತನ್ನು ಬಿಗಿ ಮಾಡಿಕೊಳ್ಳೋಣ. ಇಲ್ಲಿ ಸರ್ಕ್ಯೂಟ್ ಅಂದರೆ ಟ್ರೂತ್ ಟೇಬಲ್, ಅಷ್ಟೇ. ಯಾರಾದರೂ ಒಂದು ಟೇಬಲ್ ಕೊಟ್ಟು, ಔಟ್‌ಪುಟ್ ಕಾಲಂನಲ್ಲಿ ಮನಸ್ಸಿಗೆ ಬಂದ ಹಾಗೆ 0, 1 ತುಂಬಿದರೂ ಅದನ್ನು ನಿಮ್ಮ ಗೇಟುಗಳಿಂದ ಕಟ್ಟಲು ಬರಬೇಕು. ಹಾಗೆ ಬಂದರೆ ಆ ಗೇಟುಗಳ ಗುಂಪು ಪೂರ್ಣ.

ನಾಟ್, ಆಂಡ್, ಆರ್ ಮೂರೂ ಇರುವ ಗುಂಪು ಪೂರ್ಣ ಅನ್ನುವುದಕ್ಕೆ ಕಾರಣ ಟೇಬಲ್‌ನಲ್ಲೇ ಇದೆ. ಮನೆಯ ಮೆಟ್ಟಿಲ ಲೈಟನ್ನೇ ತೆಗೆದುಕೊಳ್ಳಿ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ಯಾವುದನ್ನು ಒತ್ತಿದರೂ ಲೈಟ್ ಬದಲಾಗಬೇಕು.

```
A  B | Y
0  0 | 0
0  1 | 1
1  0 | 1
1  1 | 0
```

ಔಟ್‌ಪುಟ್ 1 ಇರುವ ಸಾಲುಗಳನ್ನಷ್ಟೇ ನೋಡಿ. ಎರಡನೇ ಸಾಲು ಹೇಳುವುದು "A ಇಲ್ಲ, B ಇದೆ" ಅಂತ. ಅದಕ್ಕೆ ಒಂದು ನಾಟ್, ಒಂದು ಆಂಡ್. ಮೂರನೇ ಸಾಲು "A ಇದೆ, B ಇಲ್ಲ" ಅನ್ನುತ್ತದೆ. ಅದಕ್ಕೂ ಹಾಗೇ. ಎರಡನ್ನೂ ಒಂದು ಆರ್‌ಗೆ ಸೇರಿಸಿದರೆ `Y = A'B + AB'` ಸಿಕ್ಕಿತು, ನಿಮ್ಮ ಎಕ್ಸಾರ್ ಅಂದರೆ ಇದೇ. ಇನ್‌ಪುಟ್ ಹತ್ತಿದ್ದರೂ ವಿಧಾನ ಇದೇ: 1 ಇರುವ ಪ್ರತಿ ಸಾಲಿಗೂ ಒಂದು ಆಂಡ್, ಕೊನೆಗೆ ಎಲ್ಲವನ್ನೂ ಕೂಡಿಸುವ ಆರ್. ಔಟ್‌ಪುಟ್ ಪೂರ್ತಿ 0 ಇದ್ದರೆ A ಮತ್ತು A' ಎರಡನ್ನೂ ಆಂಡ್ ಮಾಡಿದರೆ ಮುಗಿಯಿತು. ಸರ್ಕ್ಯೂಟ್ ದೊಡ್ಡದಾಗಬಹುದು, ಆದರೆ ಸಿಕ್ಕೇ ಸಿಗುತ್ತದೆ.

ಈಗ ನೀವು ಬಾಯಿಪಾಠ ಮಾಡಿದ್ದು ಕೆಲಸಕ್ಕೆ ಬರುತ್ತದೆ. ನ್ಯಾಂಡ್‌ನ ಎರಡೂ ಇನ್‌ಪುಟ್ ಸೇರಿಸಿದರೆ ನಾಟ್. ನ್ಯಾಂಡ್ ಆದಮೇಲೆ ಇನ್ನೊಂದು ನಾಟ್ ಇಟ್ಟರೆ ಆಂಡ್. ಎರಡೂ ಇನ್‌ಪುಟ್‌ಗಳನ್ನು ಮೊದಲು ತಿರುಗಿಸಿ ನ್ಯಾಂಡ್‌ಗೆ ಕೊಟ್ಟರೆ, ಡಿ ಮಾರ್ಗನ್ ನಿಯಮದ ಪ್ರಕಾರ ಆರ್. ಮೂರೂ ಸಿಕ್ಕವು, ಹಾಗಾಗಿ ಎಲ್ಲವೂ ಸಿಕ್ಕಿತು. ನಾರ್‌ಗೆ ಇದರ ಕನ್ನಡಿ ಬಿಂಬ: ಅಲ್ಲಿ ಆರ್ ಎರಡು ಗೇಟಿಗೆ ಬರುತ್ತದೆ, ಆಂಡ್‌ಗೆ ಮೂರು ಬೇಕು. ಇದನ್ನು ಹೆನ್ರಿ ಶೆಫರ್ 1913ರಲ್ಲೇ ಪ್ರಕಟಿಸಿದ್ದರು. ಅವರಿಗಿಂತ ಮೂರು ದಶಕ ಮುಂಚೆ ಚಾರ್ಲ್ಸ್ ಪರ್ಸ್ ಇದನ್ನು ಕಂಡುಕೊಂಡಿದ್ದರೂ ಆಗ ಅಚ್ಚು ಹಾಕಿಸಿರಲಿಲ್ಲ. ಆಗಿನ್ನೂ ಗೇಟ್ ಅನ್ನುವ ವಸ್ತುವೇ ಇರಲಿಲ್ಲ, ಅವರಿಗೆ ಇದು ಬರೀ ತರ್ಕಶಾಸ್ತ್ರ.

ಇನ್ನು "ಈ ಎರಡೇ ಯಾಕೆ" ಅನ್ನುವುದಕ್ಕೆ ಬರೋಣ. ಇದರ ಉತ್ತರ ಬಹಳ ಚಿಕ್ಕದು. ಪರೀಕ್ಷೆಯಲ್ಲಿ ಯಾರೂ ಯಾಕೆ ಕೇಳುವುದಿಲ್ಲವೋ ಗೊತ್ತಿಲ್ಲ.

ಎರಡು ಇನ್‌ಪುಟ್ ಇರುವ ಗೇಟಿನ ಟೇಬಲ್‌ನಲ್ಲಿ ನಾಲ್ಕು ಸಾಲು. ಪ್ರತಿ ಸಾಲಿಗೂ 0 ಅಥವಾ 1. ಹಾಗಾಗಿ ಒಟ್ಟು 16 ಗೇಟುಗಳು ಸಾಧ್ಯ, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಇವುಗಳಲ್ಲಿ ಯಾವುದು ಒಂಟಿಯಾಗಿ ಪೂರ್ಣ ಅಂತ ಹುಡುಕೋಣ.

ಮೊದಲ ಸಾಲು ನೋಡಿ, ಎರಡೂ ಇನ್‌ಪುಟ್ 0. ನಮ್ಮ ಗೇಟ್ ಅಲ್ಲಿ 0 ಕೊಡುತ್ತದೆ ಅಂದುಕೊಳ್ಳಿ. ಈಗ ಅಂಥ ಗೇಟುಗಳಿಂದಲೇ ಒಂದು ದೊಡ್ಡ ಸರ್ಕ್ಯೂಟ್ ಕಟ್ಟಿ, ಹೊರಗಿನ ಇನ್‌ಪುಟ್ ಎಲ್ಲವನ್ನೂ 0 ಮಾಡಿ. ಮೊದಲ ಹಂತದ ಗೇಟುಗಳೆಲ್ಲ 0 ಕೊಡುತ್ತವೆ. ಎರಡನೇ ಹಂತಕ್ಕೂ ಬರುವುದು 0, ಹೊರಡುವುದೂ 0. ಎಷ್ಟು ಹಂತ ಇಟ್ಟರೂ ಕೊನೆಗೆ 0. ಆದರೆ ನಾಟ್ ಗೇಟಿಗೆ 0 ಕೊಟ್ಟರೆ ಅದು 1 ಕೊಡಬೇಕು. ಅಂದಮೇಲೆ ಇಂಥ ಗೇಟಿನಿಂದ ನಾಟ್ ಕಟ್ಟಲು ಸಾಧ್ಯವೇ ಇಲ್ಲ. ಹಾಗಾಗಿ ಮೊದಲ ಸಾಲಿನಲ್ಲಿ 1 ಇರಲೇಬೇಕು.

ಕೊನೆಯ ಸಾಲಿಗೂ ಇದೇ ಮಾತು ತಿರುಗಿಸಿ ಹೇಳಿ. ಎರಡೂ ಇನ್‌ಪುಟ್ 1 ಇದ್ದಾಗ 1 ಕೊಡುವ ಗೇಟ್ ಆದರೆ, ಎಲ್ಲ ಕಡೆ 1 ಹಾಕಿದಾಗ ಸರ್ಕ್ಯೂಟ್ ತುಂಬ 1 ಮಾತ್ರ ಓಡಾಡುತ್ತದೆ. ಆಗಲೂ ನಾಟ್ ಸಿಗದು. ಹಾಗಾಗಿ ಕೊನೆಯ ಸಾಲಿನಲ್ಲಿ 0 ಇರಲೇಬೇಕು.

```
A  B | Y
0  0 | 1
0  1 | ?
1  0 | ?
1  1 | 0
```

ಉಳಿದದ್ದು ಎರಡು ಪ್ರಶ್ನಾರ್ಥಕ ಚಿಹ್ನೆ, ಅಂದರೆ ನಾಲ್ಕು ಸಾಧ್ಯತೆ. ಎರಡೂ 1 ಆದರೆ ಅದು ನ್ಯಾಂಡ್. ಎರಡೂ 0 ಆದರೆ ನಾರ್. ಮೇಲೆ 1, ಕೆಳಗೆ 0 ಇಟ್ಟರೆ ಏನಾಗುತ್ತದೆ ಅಂತ ಬರೆದು ನೋಡಿ: 1, 1, 0, 0. ಅದು A ತಿರುಗಿಸಿದ್ದು ಅಷ್ಟೇ, B ಲೆಕ್ಕಕ್ಕೇ ಇಲ್ಲ. ಅದಲುಬದಲು ಮಾಡಿದರೆ B ತಿರುಗಿಸಿದ್ದು. ಎರಡು ಇನ್‌ಪುಟ್‌ಗಳನ್ನು ಸೇರಿಸಿ ನೋಡುವ ಶಕ್ತಿಯೇ ಇಲ್ಲದ ಗೇಟಿನಿಂದ ಆಂಡ್ ಕಟ್ಟಲಾಗದು. 16ರಲ್ಲಿ ಉಳಿದದ್ದು ಎರಡೇ.

ಎಕ್ಸಾರ್ ಮೊದಲ ಸಾಲಿನಲ್ಲೇ ಔಟ್ ಆಯಿತು, ಅಲ್ಲಿ ಅದು 0 ಕೊಡುತ್ತದೆ. ಆದರೆ ನೀವು ಬಿಡುವವರಲ್ಲ ಅಂತ ಗೊತ್ತು. "ಒಂದು ಇನ್‌ಪುಟ್ ವಿಸಿಸಿಗೆ ಕಟ್ಟಿದರೆ ಎಕ್ಸಾರ್ ನಾಟ್ ಆಗುತ್ತಲ್ಲ ಸರ್" ಅಂತ ಕೇಳುತ್ತೀರಿ. ನಿಜ, ಆಗುತ್ತದೆ. `A ⊕ 1 = A'`. ಹಾಗಾದರೆ ಎಕ್ಸಾರ್ ಜೊತೆ ನಾಟ್ ಕೂಡ ಕೊಟ್ಟೆ ಅಂದುಕೊಳ್ಳಿ. ಈಗಲೂ ಆಂಡ್ ಬರುವುದಿಲ್ಲ. ಯಾಕೆ ಅಂತ 1ಗಳನ್ನು ಎಣಿಸಿ ನೋಡೋಣ.

ನಾಲ್ಕು ಸಾಲಿನ ಟೇಬಲ್‌ನಲ್ಲಿ A ಕಾಲಂ ತೆಗೆದುಕೊಂಡರೆ 0, 0, 1, 1. ಅದರಲ್ಲಿ ಎರಡು 1 ಇವೆ. B ಕಾಲಂನಲ್ಲೂ ಎರಡು. ಎರಡೂ ಸಮಸಂಖ್ಯೆ. ನಾಟ್ ಹಾಕಿದರೆ 1ಗಳ ಸಂಖ್ಯೆ ನಾಲ್ಕರಿಂದ ಕಳೆದಷ್ಟಾಗುತ್ತದೆ, ಆಗಲೂ ಸಮವೇ. ಎರಡು ಕಾಲಂಗಳನ್ನು ಎಕ್ಸಾರ್ ಮಾಡಿದರೆ? ಎರಡರಲ್ಲೂ ಇರುವ 1ಗಳನ್ನು ಕೂಡಿಸಿ. ಒಂದೇ ಸಾಲಿನಲ್ಲಿ ಎರಡು ಕಡೆಯೂ 1 ಇದ್ದರೆ ಅಲ್ಲಿ ಔಟ್‌ಪುಟ್ 0 ಆಗುತ್ತದೆ, ಅಂದರೆ ಜೋಡಿಯಾಗಿ ಎರಡು 1 ಕಳೆದುಹೋಗುತ್ತವೆ. ಸಮಸಂಖ್ಯೆಗೆ ಸಮಸಂಖ್ಯೆ ಕೂಡಿಸಿ, ಎರಡೆರಡಾಗಿ ಕಳೆದರೆ ಉಳಿಯುವುದು ಸಮಸಂಖ್ಯೆಯೇ. ಹಾಗಾಗಿ A, B ಇಟ್ಟುಕೊಂಡು ಎಕ್ಸಾರ್, ನಾಟ್ ಎಷ್ಟೇ ಪೋಣಿಸಿದರೂ ಪ್ರತಿ ತಂತಿಯ ಕಾಲಂನಲ್ಲೂ 0, 2 ಅಥವಾ 4 ಒಂದುಗಳು ಮಾತ್ರ ಇರುತ್ತವೆ. ಆಂಡ್‌ನಲ್ಲಿ ಇರುವುದು ಒಂದೇ ಒಂದು 1. ಬಾಗಿಲು ಮುಚ್ಚಿತು. ಎಕ್ಸಾರ್‌ನಲ್ಲಿ ಕಾಣುವ ಬುದ್ಧಿವಂತಿಕೆ ಎಲ್ಲ ಬೆಸ–ಸಮ ಲೆಕ್ಕದ್ದು, ಪ್ಯಾರಿಟಿ ಚೆಕ್‌ಗೆ ಅದು ಬಲು ಒಳ್ಳೆಯದು, ಅದರಾಚೆಗೆ ಕಾಲಿಡಲಾರದು.

ಆಂಡ್, ಆರ್ ಜೋಡಿಯ ತೊಂದರೆ ಬೇರೆ ಥರದ್ದು. ಇವೆರಡರಲ್ಲೂ ಒಂದು ಇನ್‌ಪುಟ್ಟನ್ನು 0ಯಿಂದ 1ಕ್ಕೆ ಏರಿಸಿದರೆ ಔಟ್‌ಪುಟ್ ಏರಬಹುದು ಅಥವಾ ಇದ್ದಲ್ಲೇ ಇರಬಹುದು, ಇಳಿಯುವ ಮಾತೇ ಇಲ್ಲ. ಅಂಥ ಗೇಟುಗಳನ್ನು ಒಂದಕ್ಕೊಂದು ಜೋಡಿಸಿದ ಸರ್ಕ್ಯೂಟ್ ಕೂಡ ಹಾಗೇ. ನಾಟ್ ಮಾಡುವ ಕೆಲಸವೇ ಇಳಿಸುವುದು. ಆದ್ದರಿಂದ ವಿಸಿಸಿ, ಗ್ರೌಂಡ್ ಎಲ್ಲಿ ಬೇಕಾದರೂ ಕಟ್ಟಿಕೊಳ್ಳಿ ಅಂದರೂ ಈ ಜೋಡಿಯಿಂದ ನಾಟ್ ಹುಟ್ಟುವುದಿಲ್ಲ. ಮೆಟ್ಟಿಲ ಲೈಟೂ ಆಗುವುದಿಲ್ಲ, ಅಲ್ಲಿ ಎರಡನೇ ಸ್ವಿಚ್ ಏರಿದಾಗ ಲೈಟ್ ಆರಬೇಕಲ್ವಾ.

ಈ ಥರ ಒಂದು ಗುಂಪು ಸಿಕ್ಕಿಬೀಳುವ ಬಲೆಗಳು ಎಷ್ಟಿವೆ? ಎಮಿಲ್ ಪೋಸ್ಟ್ 1941ರಲ್ಲಿ ಪ್ರಕಟಿಸಿದ ಉತ್ತರ: ಐದೇ. ನಾವು ಈಗಾಗಲೇ ನಾಲ್ಕು ನೋಡಿದ್ದೇವೆ. ಎಲ್ಲ 0ಗೆ 0, ಎಲ್ಲ 1ಕ್ಕೆ 1, ಇಳಿಯದೇ ಇರುವುದು, ಎಕ್ಸಾರ್‌ನ ಬೆಸ–ಸಮ. ಐದನೆಯದು, ಇನ್‌ಪುಟ್ ಎಲ್ಲವನ್ನೂ ತಿರುಗಿಸಿದರೆ ಔಟ್‌ಪುಟ್ ಕೂಡ ತಪ್ಪದೆ ತಿರುಗುವುದು. ಮೂರು ಇನ್‌ಪುಟ್‌ನ ಮೆಜಾರಿಟಿ ಗೇಟ್ ಹಾಗಿದೆ. ಈ ಐದರಲ್ಲಿ ಪ್ರತಿಯೊಂದನ್ನೂ ಮುರಿಯುವ ಗೇಟ್ ನಿಮ್ಮ ಗುಂಪಿನಲ್ಲಿ ಒಂದಾದರೂ ಇದ್ದರೆ ಗುಂಪು ಪೂರ್ಣ. ನ್ಯಾಂಡ್ ಮತ್ತು ನಾರ್ ಐದನ್ನೂ ಒಂಟಿಯಾಗಿ ಮುರಿಯುತ್ತವೆ.

ಒಂದು ವಿಷಯದಲ್ಲಿ ಮಾತ್ರ ಪುಸ್ತಕದ ಮಾತನ್ನು ಸ್ವಲ್ಪ ಸಡಿಲ ಮಾಡಬೇಕು. "ಇವೆರಡೇ" ಅನ್ನುವುದು 0 ಮತ್ತು 1ನ್ನು ಬಿಟ್ಟಿ ಕೊಡದೇ ಇದ್ದಾಗಿನ ಮಾತು. ಬ್ರೆಡ್‌ಬೋರ್ಡ್ ಮೇಲೆ ಅವೆರಡೂ ಬಿಟ್ಟಿಯೇ, ವಿಸಿಸಿ ಇದೆ, ಗ್ರೌಂಡ್ ಇದೆ. ಆ ಸವಲತ್ತು ಕೊಟ್ಟರೆ 16ರಲ್ಲಿ ಆರು ಗೇಟುಗಳು ಒಂಟಿಯಾಗಿ ಸಾಕಾಗುತ್ತವೆ. ಉದಾಹರಣೆಗೆ `AB'` ಅನ್ನುವ ಗೇಟ್. A ಜಾಗಕ್ಕೆ 1 ಕಟ್ಟಿದರೆ ನಾಟ್ ಸಿಕ್ಕಿತು. ಆ ನಾಟ್‌ನಿಂದ B ತಿರುಗಿಸಿ ಕೊಟ್ಟರೆ ಆಂಡ್ ಸಿಕ್ಕಿತು. ಎರಡಕ್ಕೆ ಒಂದು ಮಲ್ಟಿಪ್ಲೆಕ್ಸರ್ ಕೂಡ ಹಾಗೇ: ಡೇಟಾ ಕಾಲುಗಳಿಗೆ 1, 0 ಕಟ್ಟಿದರೆ ಅದು ಸೆಲೆಕ್ಟ್ ಲೈನಿಗೆ ನಾಟ್. 0 ಮತ್ತು B ಕಟ್ಟಿದರೆ ಆಂಡ್. ವೈವಾದಲ್ಲಿ ಮಾತ್ರ "ನ್ಯಾಂಡ್, ನಾರ್" ಅಂತಲೇ ಹೇಳಿ, ಸುಮ್ನೆ ಯಾಕೆ ಗಲಾಟೆ.

ಈಗ ಕೈಗೆ 7400 ತೆಗೆದುಕೊಳ್ಳಿ. 14 ಕಾಲಿನ ಈ ಐಸಿಯಲ್ಲಿ ಎರಡು ಇನ್‌ಪುಟ್‌ನ ನಾಲ್ಕು ನ್ಯಾಂಡ್ ಇವೆ. ಮೆಟ್ಟಿಲ ಲೈಟಿನ `A'B + AB'`ನ್ನು ನೇರವಾಗಿ ಕಟ್ಟಿದರೆ A, B ತಿರುಗಿಸಲು ಎರಡು, ಮಧ್ಯೆ ಎರಡು, ಕೊನೆಗೊಂದು, ಒಟ್ಟು ಐದು ನ್ಯಾಂಡ್ ಬೇಕು. ಒಂದೇ ಒಂದು ಗೇಟಿಗಾಗಿ ಎರಡನೇ ಐಸಿ! ಆದರೆ ಹೀಗೆ ಮಾಡಿದರೆ ನಾಲ್ಕರಲ್ಲೇ ಮುಗಿಯುತ್ತದೆ:

```
N1 = NAND(A, B)
N2 = NAND(A, N1)
N3 = NAND(N1, B)
Y  = NAND(N2, N3)
```

ಗುಟ್ಟು ಇರುವುದು N1ನಲ್ಲಿ. A' ಮತ್ತು B' ಬೇರೆ ಬೇರೆ ಮಾಡುವ ಬದಲು `(AB)'` ಒಂದನ್ನೇ ಇಬ್ಬರಿಗೂ ಹಂಚಿದ್ದೇವೆ. A ಜೊತೆ ಅದನ್ನು ಆಂಡ್ ಮಾಡಿದರೆ `A(A' + B')`. ಅದರಲ್ಲಿ AA' ಸೊನ್ನೆ, ಉಳಿದದ್ದು AB'. ಬೇಕಾಗಿದ್ದೂ ಅದೇ. B ಕಡೆಯೂ ಹಾಗೇ. N1ನ್ನು ಇನ್ನೊಂದು ನ್ಯಾಂಡ್‌ನಿಂದ ತಿರುಗಿಸಿದರೆ AB ಸಿಗುತ್ತದೆ. ಅಂದರೆ ಐದನೇ ಗೇಟ್ ಇದ್ದರೆ ಹಾಫ್ ಆಡರ್ ಆಯಿತು. ಎಕ್ಸಾರ್ ಕೊಟ್ಟ ನಾಲ್ಕು ಗೇಟಿನ ಮೇಳವನ್ನು ಎರಡು ಸಲ ಇಟ್ಟು, ಎರಡರ ಮೊದಲ ಗೇಟುಗಳನ್ನು ಒಂಬತ್ತನೇ ನ್ಯಾಂಡ್‌ಗೆ ಕೊಟ್ಟರೆ ಫುಲ್ ಆಡರ್‌ನ ಕ್ಯಾರಿ ಬರುತ್ತದೆ.

ವೈರಿಂಗ್ ಹೀಗೆ. A ಕಾಲು 1 ಮತ್ತು 4ಕ್ಕೆ, B ಕಾಲು 2 ಮತ್ತು 10ಕ್ಕೆ. ಕಾಲು 3ರಿಂದ 5ಕ್ಕೂ 9ಕ್ಕೂ ವೈರ್. 6ರಿಂದ 12ಕ್ಕೆ, 8ರಿಂದ 13ಕ್ಕೆ. ಔಟ್‌ಪುಟ್ 11ರಲ್ಲಿ. 14ಕ್ಕೆ 5 ವೋಲ್ಟ್, 7ಕ್ಕೆ ಗ್ರೌಂಡ್.

ಲ್ಯಾಬ್‌ನಲ್ಲಿ ಇದು ಕೈಕೊಡುವ ಒಂದು ಬಗೆ ಮಜವಾಗಿದೆ. 3ರಿಂದ 9ಕ್ಕೆ ಹೋಗುವ ವೈರ್ ಸಡಿಲ ಆಗಿದೆ ಅಂದುಕೊಳ್ಳಿ. ನಿಮ್ಮದು 74LS00 ಆದರೆ, ಏನೂ ಕಟ್ಟದ ಇನ್‌ಪುಟ್ಟನ್ನು ಅದು ಸಾಮಾನ್ಯವಾಗಿ 1 ಅಂತ ಓದಿಕೊಳ್ಳುತ್ತದೆ. ಆಗ N3 ಬರೀ B' ಆಗುತ್ತದೆ, Y ಆಗುವುದು `AB' + B`, ಅಂದರೆ `A + B`. ಎಕ್ಸಾರ್ ಹೋಗಿ ಆರ್ ಆಯಿತು! ಮೊದಲ ಮೂರು ಸಾಲು ಸರಿಯಾಗಿಯೇ ಬರುತ್ತವೆ, ಕೊನೆಯ ಸಾಲಿನಲ್ಲಿ ಮಾತ್ರ ಎಲ್‌ಇಡಿ ಆರುವುದಿಲ್ಲ. ಹಾಗೆ ಕಂಡರೆ ಐಸಿ ಕೆಟ್ಟಿದೆ ಅನ್ನುವ ಮೊದಲು N1ನಿಂದ ಹೊರಡುವ ಎರಡು ವೈರ್ ಮುಟ್ಟಿ ನೋಡಿ. 74HC00 ಆದರೆ ಕತೆ ಬೇರೆ. ಅದು ಸಿಮಾಸ್, ತೇಲುವ ಇನ್‌ಪುಟ್ 0 ಅಂತಲೂ ಓದಬಹುದು, 1 ಅಂತಲೂ ಓದಬಹುದು, ಬೆರಳು ಹತ್ತಿರ ತಂದರೆ ಬದಲಾಗಲೂಬಹುದು. ಸಿಮಾಸ್‌ನಲ್ಲಿ ಬಳಸದ ಇನ್‌ಪುಟ್ ಯಾವುದನ್ನೂ ಹಾಗೇ ಬಿಡಬೇಡಿ.

ಇನ್ನೊಂದು ಎಚ್ಚರಿಕೆ. ಇದೇ ಸರ್ಕ್ಯೂಟ್ ನಾರ್‌ನಲ್ಲಿ ನೋಡೋಣ ಅಂತ 7400 ಕಿತ್ತು ಆ ಜಾಗಕ್ಕೆ 7402 ಹಾಕಬೇಡಿ. 7402ರಲ್ಲಿ ಕಾಲುಗಳ ಕ್ರಮ ಬೇರೆ, ಅಲ್ಲಿ ಕಾಲು 1 ಔಟ್‌ಪುಟ್. ನಿಮ್ಮ A ಸ್ವಿಚ್ ನೇರ ಒಂದು ಔಟ್‌ಪುಟ್ ಜೊತೆ ಗುದ್ದಾಡುತ್ತದೆ, ಐಸಿ ಬಿಸಿಯಾಗಬಹುದು. ಕ್ರಮ ಸರಿಮಾಡಿಕೊಂಡು ಕಟ್ಟಿದರೂ ಅದೇ ನಾಲ್ಕು ಗೇಟಿನ ಜೋಡಣೆ ನಾರ್‌ನಲ್ಲಿ ಎಕ್ಸಾರ್ ಕೊಡುವುದಿಲ್ಲ, ಅದರ ತಿರುವು ಎಕ್ಸ್‌ನಾರ್ ಕೊಡುತ್ತದೆ. ಎಕ್ಸಾರ್ ಬೇಕಾದರೆ ಐದನೇ ನಾರ್ ಬೇಕು.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೌದು, ಮಾಡಿದ್ದಾರೆ, ಅದು ಚಂದ್ರನವರೆಗೂ ಹೋಗಿ ಬಂದಿದೆ. ಅಪೊಲೊ ನೌಕೆಗಳ ಗೈಡೆನ್ಸ್ ಕಂಪ್ಯೂಟರನ್ನು ಅಮೆರಿಕದ ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬ್ ವಿನ್ಯಾಸ ಮಾಡಿತು. ಅದರ ಲಾಜಿಕ್ ಭಾಗ ಪೂರ್ತಿ ಮೂರು ಇನ್‌ಪುಟ್‌ನ ನಾರ್ ಗೇಟು. ಮೊದಲ ಮಾದರಿಯ ಒಂದೊಂದು ಐಸಿಯಲ್ಲಿ ಒಂದೇ ಗೇಟ್, ಅಂಥವು ಸುಮಾರು 4,100 ಇದ್ದವು. 1969ರಲ್ಲಿ ಚಂದ್ರನ ಮೇಲೆ ಇಳಿದ ಎರಡನೇ ಮಾದರಿಯಲ್ಲಿ ಒಂದು ಐಸಿಗೆ ಎರಡು ಗೇಟ್, ಅಂಥ ಸುಮಾರು 2,800 ಐಸಿಗಳು.

ನಾರ್ ಯಾಕೆ ಅಂದರೆ ಆಗಿನ ರೆಸಿಸ್ಟರ್–ಟ್ರಾನ್ಸಿಸ್ಟರ್ ಲಾಜಿಕ್‌ಗೆ ಅದೇ ಸಹಜ ಗೇಟ್. ಮೂರು ಟ್ರಾನ್ಸಿಸ್ಟರ್ ಪಕ್ಕಪಕ್ಕದಲ್ಲಿ, ಮೇಲೆ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್. ಮೂರರಲ್ಲಿ ಯಾವುದಕ್ಕೆ 1 ಬಂದರೂ ಅದು ಆನ್ ಆಗಿ ಔಟ್‌ಪುಟ್ಟನ್ನು ಗ್ರೌಂಡ್‌ಗೆ ಎಳೆಯುತ್ತದೆ. ಅದೇ ನಾರ್. ಬೇರೆ ಬೇರೆ ಥರದ ಗೇಟ್ ಬಳಸಿದ್ದರೆ ಗೇಟುಗಳ ಸಂಖ್ಯೆ ಕಡಿಮೆಯಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಆದರೆ ಒಂದೇ ಥರದ ಐಸಿಯನ್ನು ರಾಶಿಗಟ್ಟಲೆ ತರಿಸಿ, ಅದೊಂದನ್ನೇ ಚೆನ್ನಾಗಿ ಪರೀಕ್ಷೆ ಮಾಡಿ ನಂಬುವುದು ಅವರಿಗೆ ಮುಖ್ಯವಾಗಿತ್ತು. ಆ ಕಂಪ್ಯೂಟರಿನ ರಿಜಿಸ್ಟರ್‌ಗಳು ಕೂಡ ನಾರ್‌ಗಳೇ, ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಅಡ್ಡಡ್ಡ ಕಟ್ಟಿದ ಲ್ಯಾಚ್. ಇಲ್ಲೊಂದು ಮಾತು: ಮೇಲಿನ ನಮ್ಮ ಸಾಧನೆ ಲ್ಯಾಚ್ ಬಗ್ಗೆ ಏನೂ ಹೇಳುವುದಿಲ್ಲ. ನೆನಪು ಇಟ್ಟುಕೊಳ್ಳುವುದು ಟ್ರೂತ್ ಟೇಬಲ್‌ನ ಕೆಲಸ ಅಲ್ಲ, ಅದು ಫೀಡ್‌ಬ್ಯಾಕ್‌ನಿಂದ ಬರುತ್ತದೆ.

ಇವತ್ತಿನ ಸಿಮಾಸ್‌ನಲ್ಲಿ ನ್ಯಾಂಡ್‌ಗೆ ಒಲವು ಜಾಸ್ತಿ. ಎರಡು ಇನ್‌ಪುಟ್‌ನ ನ್ಯಾಂಡ್‌ಗೂ ನಾರ್‌ಗೂ ತಲಾ ನಾಲ್ಕು ಟ್ರಾನ್ಸಿಸ್ಟರ್. ಆಂಡ್‌ಗೆ ಆರು ಬೇಕು, ಯಾಕೆಂದರೆ ಅಲ್ಲಿ ಆಂಡ್ ಅಂದರೆ ನ್ಯಾಂಡ್ ಆದಮೇಲೆ ಒಂದು ಇನ್ವರ್ಟರ್. ನಾರ್‌ನಲ್ಲಿ ಪಿ–ಮಾಸ್ ಟ್ರಾನ್ಸಿಸ್ಟರ್‌ಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಅವು ಎನ್–ಮಾಸ್‌ಗಿಂತ ಮೊದಲೇ ನಿಧಾನ, ಸಾಲಾಗಿ ನಿಂತರೆ ಇನ್ನೂ ನಿಧಾನ. ವೇಗ ಸರಿದೂಗಿಸಲು ಅವನ್ನು ಅಗಲ ಮಾಡಬೇಕು, ಜಾಗ ಹೋಗುತ್ತದೆ. ನ್ಯಾಂಡ್‌ನಲ್ಲಿ ಸಾಲಾಗಿ ನಿಲ್ಲುವುದು ವೇಗದ ಎನ್–ಮಾಸ್. ಹಾಗಂತ ಈಗ ಯಾರೂ ಬರೀ ನ್ಯಾಂಡ್‌ನಿಂದ ಪ್ರೊಸೆಸರ್ ಮಾಡುವುದಿಲ್ಲ. ಸಿಂಥೆಸಿಸ್ ಸಾಫ್ಟ್‌ವೇರ್ ಮುಂದೆ ನ್ಯಾಂಡ್, ನಾರ್, ಎಕ್ಸಾರ್, ಮಲ್ಟಿಪ್ಲೆಕ್ಸರ್, ಫುಲ್ ಆಡರ್ ಎಲ್ಲ ಇರುವ ಸೆಲ್ ಲೈಬ್ರರಿ ಇರುತ್ತದೆ. ಯಾವ ದಾರಿಯಲ್ಲಿ ವೇಗ ಬೇಕು, ಎಲ್ಲಿ ಜಾಗ ಉಳಿಸಬೇಕು ಅಂತ ನೋಡಿ ಅದೇ ಆರಿಸಿಕೊಳ್ಳುತ್ತದೆ.